“ಇಷ್ಟು” ಅಂದ್ರೆ ಎಷ್ಟು, ಅತ್ತಿ?

ಭಾನುವಾರದಿಂದ ತಲೆ ಕೆಟ್ಟಿದೆ. ಬರೆದು ಹಾಕದಿದ್ದರೆ ಈ ವಾರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ.

ನಮ್ಮಣ್ಣನ ಮಗ ನಿಮಗೆಲ್ಲ ಗೊತ್ತು. ಕಳೆದ ವರ್ಷ ಅವನಿಗೆ ಕೆಲಸ ಸಿಕ್ಕಾಗ ಇಲ್ಲೇ ಪೇಡಾ ಹಂಚಿದ್ದೆ, ಫೋಟೋದಲ್ಲಿ. ಈಗ ಸಿಂಧನೂರಲ್ಲಿ ರೂಮು ಮಾಡಿಕೊಂಡು ಒಬ್ಬನೇ ಇದ್ದಾನೆ. ಹುಟ್ಟಿನಿಂದಲೇ ಕಣ್ಣು ಬಹಳ ಮಂದ. ಬೆಳಕು ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ, ಅಷ್ಟೇ. ಮೆಸ್ಸಿನಿಂದ ಬರುವ ರೊಟ್ಟಿ ಡಬ್ಬಿ ತೆಗೆಯುವ ಹೊತ್ತಿಗೆ ಚರ್ಮದ ಹಾಗೆ ಆಗಿರುತ್ತದೆ ಅಂತ ಅವನ ಗೋಳು. ತಾನೇ ಜೋಳದ ರೊಟ್ಟಿ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದ. ಭಾನುವಾರ ರಾಯಚೂರಿಗೆ ಬಂದವನು ನನ್ನ ಅಡುಗೆಮನೆ ಕಟ್ಟೆ ಹತ್ತಿ ಕೂತು ಫೋನಲ್ಲಿ ಒಂದು ರೊಟ್ಟಿ ವಿಡಿಯೋ ಹಚ್ಚಿದ.

ವಿಡಿಯೋದಲ್ಲಿ ಹೆಣ್ಣುಮಗಳು ಬಹಳ ಪ್ರೀತಿಯಿಂದ ಮಾತಾಡುತ್ತಾಳೆ. “ಇಷ್ಟು ಹಿಟ್ಟು ತಗೊಳ್ಳಿ. ಇಷ್ಟು ನೀರು. ಹೀಗೆ ಕಲಸಿ. ನೋಡಿ, ಈ ಹದಕ್ಕೆ ಬರಬೇಕು. ಈಗ ಹೀಗೆ ತಟ್ಟಿ.” ಆಮೇಲೆ ಮಾತೇ ಇಲ್ಲ. ಎರಡು ನಿಮಿಷ ಕೊಳಲು. ಕೊಳಲು ಮುಗಿದ ಮೇಲೆ, “ಆಯ್ತು ನೋಡಿ ಫ್ರೆಂಡ್ಸ್, ಎಷ್ಟು ಚೆನ್ನಾಗಿ ಉಬ್ಬಿದೆ!”

ಹುಡುಗ ಫೋನು ಕೆಳಗಿಟ್ಟ. “ಅತ್ತಿ, ಇಷ್ಟು ಅಂದ್ರ ಎಷ್ಟು? ನಡುವ ಏನೇನ್ ಮಾಡಿದ್ರು?”

ನಾನು ಏನು ಮಾಡಿದೆ ಅಂದುಕೊಂಡಿರಿ? ಆ ಹೆಣ್ಣುಮಗಳನ್ನ ಬೈದೆ. ಆಮೇಲೆ ದೊಡ್ಡಸ್ತಿಕೆಯಿಂದ, “ಅದು ಬಿಡಪ್ಪಾ, ನಂದು ಹಚ್ಚು” ಅಂದೆ. ನಾನು ಎರಡು ವರ್ಷದ ಹಿಂದೆ ಹಾಕಿದ ರೊಟ್ಟಿ ವಿಡಿಯೋ. ನೀವೆಲ್ಲ ಹಾರ್ಟು ಒತ್ತಿದ್ದಿರಲ್ಲ, ಅದೇ.

ಹಚ್ಚಿದ. ಕಣ್ಣು ಮುಚ್ಚಿಕೊಂಡು ನಾನೂ ಕೇಳಿದೆ. ಎಂಟು ನಿಮಿಷದಲ್ಲಿ ಹದಿನೇಳು ಸಲ “ಹೀಗೆ”. ಒಂಬತ್ತು ಸಲ “ನೋಡಿ”. ಅಳತೆಗಳನ್ನ ನಾನು ಬಾಯಲ್ಲಿ ಹೇಳಿಯೇ ಇಲ್ಲ, ಪರದೆ ಮೇಲೆ ಹಳದಿ ಅಕ್ಷರದಲ್ಲಿ ಚೆಂದಾಗಿ ಬರೆಸಿದ್ದೇನೆ. ಅವನ ಫೋನಿನಲ್ಲಿ ಟಾಕ್‌ಬ್ಯಾಕ್ ಅಂತ ಒಂದಿದೆ, ಪರದೆ ಮೇಲಿನ ಬಟನ್ನು, ಮೆಸೇಜು ಎಲ್ಲ ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ವಿಡಿಯೋ ಒಳಗಿನ ಅಕ್ಷರ ಅದಕ್ಕೆ ಅಕ್ಷರವೇ ಅಲ್ಲ, ಚಿತ್ರದ ಒಂದು ತುಂಡು. ಅದನ್ನ ಓದುವುದಿಲ್ಲ. ಅದೇ ಅಳತೆಯನ್ನ ವಿಡಿಯೋ ಕೆಳಗಿನ ವಿವರಣೆ ಜಾಗದಲ್ಲಿ ಟೈಪ್ ಮಾಡಿದ್ದರೆ ಗಡಗಡ ಓದುತ್ತಿತ್ತು. ಅಲ್ಲಿ ನಾನು ಏನು ಬರೆದಿದ್ದೆ? “ಸಬ್‌ಸ್ಕ್ರೈಬ್ ಮಾಡಿ.”

ಇನ್ನು ಬೇರೆಯವರನ್ನ ಬೈಯುವ ಮುಖ ಎಲ್ಲಿಂದ ಬರಬೇಕು? ಆದರೂ ಬೈಯುತ್ತೇನೆ, ಜೊತೆಗೆ ನನ್ನನ್ನೂ ಸೇರಿಸಿಕೊಂಡು.

ನಮ್ಮಲ್ಲಿ ಅಡುಗೆ ಕಲಿಸುವವರೆಲ್ಲ ಕಣ್ಣಳತೆಯವರು. ಕಣ್ಣಳತೆ ಅನ್ನುವ ಪದವನ್ನೇ ಎಷ್ಟು ಹೆಮ್ಮೆಯಿಂದ ಹೇಳುತ್ತೇವೆ! ಆದರೆ ರೊಟ್ಟಿ ಬಡಿಯುವಾಗ ನಮ್ಮವ್ವ ಕಣ್ಣಿಂದ ನೋಡುತ್ತಿದ್ದದ್ದು ಕಮ್ಮಿ. ಬೀದಿಯಲ್ಲಿ ಯಾರು ಹೋದರು ಅಂತ ಬಾಗಿಲ ಕಡೆ ನೋಡುತ್ತಲೇ ಬಡಿಯುತ್ತಿದ್ದಳು. ಕೈಗೆ ಗೊತ್ತಿತ್ತು, ಕಿವಿಗೆ ಗೊತ್ತಿತ್ತು. ಕೈಗೆ ಗೊತ್ತಿದ್ದದ್ದನ್ನ ಬಾಯಿಗೆ ತರಬೇಕು, ಅಷ್ಟೇ ಕೆಲಸ. ಅಷ್ಟೇ ಅಂದೆ, ಆದರೆ ಭಾನುವಾರ ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಮೊದಲು ಹಿಟ್ಟು. “ಇಷ್ಟು” ಅಲ್ಲ, ಎರಡು ಬಟ್ಟಲು. ಅದೇ ಬಟ್ಟಲಲ್ಲಿ ಒಂದೂವರೆ ಬಟ್ಟಲು ನೀರು, ಚಿಟಿಕೆ ಉಪ್ಪು. ಯಾವ ಬಟ್ಟಲಾದರೂ ಸರಿ, ಒಂದೇ ಇರಬೇಕು. ನಾನು ಪರಾತದಲ್ಲಿ ಹಿಟ್ಟು ಹಾಕಿ ನಡುವೆ ಗುಂಡಿ ಮಾಡಿ ಕುದಿಯುವ ನೀರು ಸುರಿಯುವವಳು. ಅವನಿಗೆ ಅದು ಬೇಡ ಅನ್ನಿಸಿತು. ಸುರಿಯುವ ಬಿಸಿನೀರು ಎಲ್ಲಿ ಬೀಳುತ್ತದೆ ಅಂತ ಕಾಣದಿದ್ದರೆ ಕೈ ಬೆಂದೀತು. ಅದಕ್ಕೇ ತಿರುಗಾ ಮುರುಗಾ ಮಾಡಿದೆವು. ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟು, ಕೊತಕೊತ ಸದ್ದು ಬಂದ ಮೇಲೆ ಗ್ಯಾಸು ಆರಿಸಿ, ಹಿಟ್ಟನ್ನೇ ನೀರಿಗೆ ಹಾಕಿ, ಉದ್ದ ಹಿಡಿಯ ಸೌಟಿನಿಂದ ತಿರುವಿ, ಐದು ನಿಮಿಷ ಮುಚ್ಚಿಡುವುದು. ಬಿಸಿನೀರು ಯಾಕೆ ಅಂತ ಅವನು ಕೇಳಿದ. ಗೋಧಿ ಹಿಟ್ಟು ತಣ್ಣೀರಿಗೇ ಎಳೆ ಹಿಡಿಯುತ್ತದೆ, ಜೋಳಕ್ಕೆ ಆ ಅಂಟು ಇಲ್ಲ. ಬಿಸಿನೀರು ಬಿದ್ದಾಗ ಪಿಷ್ಟ ಬೆಂದು ಜಿಗಿ ಬರುತ್ತದೆ, ಅದರಿಂದಲೇ ರೊಟ್ಟಿ ನಿಲ್ಲುವುದು. ಹಿಟ್ಟು ಬೀಸಿ ಬಹಳ ದಿನ ಆಗಿದ್ದರೆ ಎಷ್ಟು ಬಿಸಿನೀರು ಹಾಕಿದರೂ ಅಂಚು ಒಡೆಯುತ್ತದೆ.

“ಈ ಹದ” ಅನ್ನುವ ಮಾತಿಗೆ ಬಂದಾಗ ನಾನು ನಿಂತುಬಿಟ್ಟೆ. ಯಾವ ಹದ? ಕೊನೆಗೆ ನನ್ನ ಕೈಯನ್ನೇ ಕೇಳಿದೆ. ಒದ್ದೆ ಕೈಯಲ್ಲಿ ನಾದುತ್ತಾ ಹೋದರೆ ಮೊದಲು ಬೆರಳಿಗೆ ಮೆತ್ತುತ್ತದೆ, ಆಮೇಲೆ ಬಿಡುತ್ತದೆ. ಉಂಡೆ ಮಾಡಿ ಹೆಬ್ಬೆರಳಿಂದ ಒತ್ತಬೇಕು. ಒತ್ತಿದ ಕಡೆ ಅಂಚಿನಲ್ಲಿ ಬಿರುಕು ಬೆರಳಿಗೆ ಸಿಕ್ಕರೆ ನೀರು ಕಮ್ಮಿ, ಇನ್ನೊಂದು ಸಲ ಕೈ ಒದ್ದೆ ಮಾಡಿ ನಾದಬೇಕು. ಬೆರಳು ಅಂಟಿಕೊಂಡು ಮೇಲೆ ಬರದಿದ್ದರೆ ನೀರು ಜಾಸ್ತಿ. ಸರಿ ಇದ್ದರೆ ಕಿವಿಯ ಹಾಲೆ ಮುಟ್ಟಿದ ಹಾಗೆ ಇರುತ್ತದೆ. ಹುಡುಗ ಹಿಟ್ಟಿನ ಕೈಯಲ್ಲೇ ಕಿವಿ ಮುಟ್ಟಿಕೊಂಡು ನೋಡಿದ. ಕಿವಿ ಬೆಳ್ಳಗಾಯಿತು. ಅದನ್ನ ಮಾತ್ರ ನಾನು ಹೇಳಲಿಲ್ಲ.

ಬಡಿಯುವುದು. ಕೆಳಗೆ ಒಣಹಿಟ್ಟು, ಮೇಲೆ ಉಂಡೆ, ಬಲಗೈ ಅಂಗೈ ಬಡಿಯುತ್ತದೆ, ಎಡಗೈ ಅಂಚು ಕಾಯುತ್ತದೆ. ಪ್ರತಿ ಏಟಿಗೂ ರೊಟ್ಟಿ ತಾನೇ ಸ್ವಲ್ಪ ತಿರುಗಬೇಕು. ತಿರುಗುವುದು ನಿಂತರೆ ಕೆಳಗೆ ಅಂಟಿದೆ ಅಂತ ಅರ್ಥ, ಎತ್ತಿ ಒಣಹಿಟ್ಟು ಉದುರಿಸಬೇಕು. ಮೊದಲು ದಪ್ಪ ಇದ್ದಾಗ ಧಪ್ ಧಪ್ ಅನ್ನುತ್ತದೆ. ತೆಳ್ಳಗಾದಷ್ಟೂ ಟಪ್ ಟಪ್ ಅಂತ ಸದ್ದು ಚುರುಕಾಗುತ್ತದೆ. ರೊಟ್ಟಿ ತೆಳ್ಳಗಾಗಿದ್ದನ್ನ ಹೇಳುವ ಸದ್ದು ಅದೊಂದೇ, ನಾನು ನನ್ನ ವಿಡಿಯೋದಲ್ಲಿ ಅದರ ಮೇಲೇ ಕೊಳಲು ಹಾಕಿದ್ದೆ! ನನಗೆ ನಾಚಿಕೆ ಆಗಿದ್ದು ಹದಿನೇಳು “ಹೀಗೆ”ಗಿಂತ ಇದಕ್ಕೇ ಜಾಸ್ತಿ.

ಹಂಚು ಕಾದಿದ್ದು ಹೇಗೆ ತಿಳಿಯಬೇಕು? ನಾಲ್ಕು ಹನಿ ನೀರು ಚಿಮುಕಿಸಿ. ಚೊಂಯ್ ಅಂದು ತಕ್ಷಣ ಸದ್ದು ಆರಿದರೆ ಕಾದಿದೆ. ಸುರ್ ಅಂತ ಎಳೆದರೆ ಇನ್ನೂ ಇಲ್ಲ. ಒಣಹಿಟ್ಟು ಇರುವ ಮಗ್ಗುಲು ಮೇಲೆ ಬರುವ ಹಾಗೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಬೇಕು. ಎಲ್ಲರೂ ಇಲ್ಲಿ “ನೀರು ಆರಿದ ಮೇಲೆ ತಿರುವಿ ಹಾಕಿ” ಅಂತಾರೆ. ಆರಿದ್ದು ಕಣ್ಣಿಗೆ ಬಣ್ಣದಲ್ಲಿ ಗೊತ್ತಾಗುತ್ತದೆ. ಇಲ್ಲದಿದ್ದರೆ? ದೊಡ್ಡ ಉರಿಯಲ್ಲಿ ಮೂವತ್ತರ ತನಕ ನಿಧಾನಕ್ಕೆ ಎಣಿಸಿ, ರೊಟ್ಟಿಯ ನಡುವೆ ಬೆರಳ ತುದಿ ತಾಗಿಸಿ ತೆಗೆಯಬೇಕು. ಬೆರಳು ಒದ್ದೆ ಆದರೆ ಇನ್ನೊಂದು ಹತ್ತು ಎಣಿಸಿ. ಒದ್ದೆ ಇದ್ದಾಗಲೇ ತಿರುವಿದರೆ ಹಂಚಿಗೆ ಹಿಡಿಯುತ್ತದೆ. ಪೂರ್ತಿ ಒಣಗಿಸಿದರೆ ಬಿರಿಯುತ್ತದೆ, ಉಬ್ಬುವುದಿಲ್ಲ. ತಿರುವಿ, ಎರಡನೇ ಮಗ್ಗುಲು ಬೆಂದ ಮೇಲೆ ಮತ್ತೆ ಮಗುಚಿ, ಒಣ ಬಟ್ಟೆ ಉಂಡೆ ಮಾಡಿ ಅಂಚಿನಲ್ಲಿ ಮೆಲ್ಲಗೆ ಒತ್ತುತ್ತಾ ಹೋದರೆ ಉಬ್ಬಿದ್ದು ಬಟ್ಟೆಯ ಕೆಳಗೇ ಗೊತ್ತಾಗುತ್ತದೆ, ಯಾರೋ ಕೆಳಗಿಂದ ತಳ್ಳಿದ ಹಾಗೆ. ಎಲ್ಲೋ ತೂತು ಬಿದ್ದರೆ ಉಸ್ ಅಂತ ಹಬೆ ಹೋಗುತ್ತದೆ. ಆಗ ಕೈ ದೂರ.

ಮೊದಲನೇದು ಹರಿಯಿತು. ಎರಡನೇದು ನಮ್ಮ ಓಣಿಯ ನಾಯಿಗೂ ಬೇಡವಾಯಿತು. ಮೂರನೇದು ಅರ್ಧ ಉಬ್ಬಿತು. ಅದನ್ನ ಪುಂಡಿಪಲ್ಯದ ಜೊತೆ ನಿಂತಲ್ಲೇ ತಿಂದ, ನನಗೆ ಒಂದು ಚೂರೂ ಕೊಡಲಿಲ್ಲ.

ಇದನ್ನೆಲ್ಲ ನಮ್ಮ ಗ್ರೂಪಿನವರಿಗೆ ಹೇಳಿದರೆ ಒಬ್ಬರು, ಹೆಸರು ಬೇಡ, “ಅಕ್ಕಾ, ಕೆಲವರಿಗೋಸ್ಕರ ಎಲ್ಲರಿಗೂ ಬೋರ್ ಮಾಡ್ಬೇಕಾ? ಅಷ್ಟು ಮಾತಾಡಿದ್ರೆ ವಿಡಿಯೋ ಉದ್ದ ಆಗುತ್ತೆ” ಅಂದರು. ಆಗುತ್ತದೆ, ನಿಜ. ನನ್ನದು ಎಂಟು ನಿಮಿಷ ಇದ್ದದ್ದು ಹೊಸದಾಗಿ ಮಾಡಿದಾಗ ಒಂಬತ್ತೂವರೆ ಆಯಿತು. ಶುರುವಿನ ಒಂದು ನಿಮಿಷದ ಕುಣಿತದ ಸಂಗೀತ ತೆಗೆದೆ, ಎಂಟೂವರೆಗೆ ಬಂತು. ಆ ಸಂಗೀತ ಬೋರ್ ಅಂತ ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ? ಮತ್ತೆ, ಎರಡೂ ಕೈ ಹಿಟ್ಟಾಗಿ, ಫೋನು ಫ್ರಿಜ್ ಮೇಲೆ ಇದ್ದಾಗ ನೀವು ಎಷ್ಟು “ನೋಡಿ” ನೋಡುತ್ತೀರಿ ಅಂತ ನನಗೂ ಗೊತ್ತು.

ಎಲ್ಲವನ್ನೂ ಹೇಳಬೇಕು ಅಂತಲೂ ಅಲ್ಲ. ಮೊದಲ ಸಲ ರೆಕಾರ್ಡ್ ಮಾಡಿದಾಗ ಉತ್ಸಾಹದಲ್ಲಿ “ಈಗ ನಾನು ಎಡಗೈಯಿಂದ ನೀಲಿ ಮುಚ್ಚಳ ತೆಗೆಯುತ್ತಿದ್ದೇನೆ” ಅಂತೆಲ್ಲ ಶುರು ಮಾಡಿದೆ. ಹುಡುಗನೇ ತಡೆದ. “ಅತ್ತಿ, ಮುಚ್ಚಳದ ಬಣ್ಣ ತಗೊಂಡು ನಾ ಏನ್ ಮಾಡ್ಲಿ? ಕಿವಿಗೆ ಕೇಳೋದನ್ನೂ ಮತ್ತ ಹೇಳಬ್ಯಾಡ್ರಿ. ಕಾಣಬೇಕಾದ್ದು ಏನೈತಿ, ಅದನ್ನಷ್ಟ ಹೇಳ್ರಿ. ಮಾಡೋಕ ಮೊದ್ಲು ಹೇಳ್ರಿ.” ಮಾಡುವ ಮೊದಲು ಅನ್ನುವುದು ನನಗೆ ಹೊಳೆದಿರಲಿಲ್ಲ. ರೊಟ್ಟಿ ತಿರುವಿ ಹಾಕಿದ ಮೇಲೆ “ತಿರುವಿದೆ” ಅಂದರೆ ಅವನ ರೊಟ್ಟಿ ಆಗಲೇ ಕರಿ ಆಗಿರುತ್ತದೆ.

ಸಿನಿಮಾಕ್ಕಾದರೆ ಕಣ್ಣು ಕಾಣದವರಿಗಾಗಿ ಸಂಭಾಷಣೆಯ ಸಂದುಗಳಲ್ಲಿ ವಿವರಣೆ ತುರುಕಲು ಬೇರೆಯದೇ ಧ್ವನಿ ಬೇಕು. ಅಡುಗೆ ವಿಡಿಯೋಕ್ಕೆ ಅದೆಲ್ಲ ಬೇಡ. ಅಂಗವಿಕಲರಿಗೂ ಬಳಸಲು ಬರಲಿ ಅಂತ ಮಾಡಿದ ವೆಬ್ ಮಾರ್ಗಸೂಚಿಗಳೇ ಹೇಳುತ್ತವೆ, ಮೂಲ ಧ್ವನಿಯಲ್ಲೇ ಕಾಣುವ ವಿಷಯ ಎಲ್ಲ ಬಂದಿದ್ದರೆ ಪ್ರತ್ಯೇಕ ಧ್ವನಿ ವಿವರಣೆ ಬೇಕಿಲ್ಲ. ನಾವು ಹೇಗೂ ಬಾಯಿ ಬಡಿಯುತ್ತಲೇ ಇರುತ್ತೇವಲ್ಲ, ಅದರಲ್ಲಿ ವಿಷಯ ಇಟ್ಟರೆ ಸಾಕು. ಖರ್ಚು ಇಲ್ಲ, ಸಾಫ್ಟ್‌ವೇರ್ ಇಲ್ಲ.

ಇನ್ನೊಬ್ಬರು “ಅಂಥವರು ಗ್ಯಾಸ್ ಹತ್ರ ಹೋಗೋದು ಡೇಂಜರ್ ಅಲ್ವಾ” ಅಂದರು. ಕ್ರಿಸ್ಟೀನ್ ಹಾ ಅಂತ ಕಣ್ಣು ಕಾಣದ ಒಬ್ಬಾಕೆ 2012ರಲ್ಲಿ ಅಮೆರಿಕದ ಮಾಸ್ಟರ್‌ಶೆಫ್ ಅಡುಗೆ ಸ್ಪರ್ಧೆ ಗೆದ್ದಳು ಅಂತ ಹೇಳಿ ಸುಮ್ನಾದೆ. ಅವರಿಗೆ ಉಪ್ಪಿಟ್ಟು ಸರಿಯಾಗಿ ಬರುವುದಿಲ್ಲ ಅಂತ ಹೇಳಲಿಲ್ಲ.

ಹೊಸ ವಿಡಿಯೋ ನಿನ್ನೆ ಹಾಕಿದೆ. ಅದರಲ್ಲೂ ಎರಡು “ಹೀಗೆ” ನುಸುಳಿವೆ, ಅಭ್ಯಾಸ. ರಾತ್ರಿ ಒಂಬತ್ತಕ್ಕೆ ಸಿಂಧನೂರಿಂದ ಫೋನು ಬಂತು. ಎತ್ತಿದರೆ ಮಾತಿಲ್ಲ. ಧಪ್ ಧಪ್ ಧಪ್. ನಾನೂ ಸುಮ್ಮನೆ ಕೇಳಿದೆ. ನಡುವೆ ನಿಂತಿತು, ಅಂಟಿತ್ತು ಅನ್ನಿಸುತ್ತದೆ. ಮತ್ತೆ ಶುರುವಾಗಿ ನಿಧಾನಕ್ಕೆ ಟಪ್ ಟಪ್‌ಗೆ ಬಂತು. ಆಮೇಲೆ ಚೊಂಯ್.

“ಅತ್ತಿ, ಮುಂದಿನ ವಾರ ಎಣ್ಣಿಗಾಯಿ ಹೇಳಿಕೊಡ್ರಿ” ಅಂದ. ಹೂಂ ಅಂದೆ. ಆಗಿನಿಂದ ಯೋಚನೆ ಮಾಡುತ್ತಿದ್ದೇನೆ. ಬದನೆಕಾಯಿಯನ್ನ ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಬೇಕು, ಸರಿ, ಚಾಕು ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದು ಹೇಗೆ? ತೊಟ್ಟನ್ನ ಎಡಗೈ ಮೂರು ಬೆರಳಲ್ಲಿ ಹಿಡಿದು, ಚಾಕು ಬೆರಳಿನ ಹತ್ತಿರ ಬರುವ ಮೊದಲು ನಿಲ್ಲಿಸಿ ಅನ್ನಲಾ? ಬೆರಳಿಗೆ ತಾಗಿದರೆ? ಎಣ್ಣಿಗಾಯಿ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ. ಕಣ್ಣು ಮುಚ್ಚಿ ಒಂದು ಕಾಯಿ ಹೆಚ್ಚಿ ನೋಡಿ, ನಿಮ್ಮ ಕೈ ಏನು ಮಾಡಿತು ಅಂತ ಬರೆಯಿರಿ. “ಹೀಗೆ” ಅಂತ ಬರೆದವರ ಕಾಮೆಂಟು ಡಿಲೀಟ್ ಮಾಡುತ್ತೇನೆ.