ಅಚ್ಚು ಅವರದ್ದು, ಅಪ್ಪ ನನ್ನವನು

ನಿನ್ನೆ ಕವಿಗೋಷ್ಠಿಯಲ್ಲಿ ಒಬ್ಬ ಹುಡುಗ ಪದ್ಯ ಓದಿದ. ತನಗಿಷ್ಟವಾದ ಒಂದು ಪದ್ಯದ ರಚನೆಯನ್ನೇ ಅಚ್ಚಾಗಿ ಇಟ್ಟುಕೊಂಡು ತನ್ನ ಅಜ್ಜಿಯ ಬಗ್ಗೆ ಬರೆದಿದ್ದೇನೆ ಅಂತ ಮೊದಲೇ ಹೇಳಿದ್ದ. ಓದಿ ಮುಗಿಸುವಷ್ಟರಲ್ಲಿ ಹಿರಿಯರೊಬ್ಬರು "ಇದು ಕಾಪಿ" ಅಂದುಬಿಟ್ಟರು. ಹುಡುಗನ ಮುಖ ಬಾಡಿತು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಕಾಪಿ ಹೇಗಾಗುತ್ತೆ? ಆ ಪದ್ಯದಲ್ಲಿ ಒಂದು ಪದವೂ ಒಂದು ಚಿತ್ರವೂ ಎರವಲು ಇರಲಿಲ್ಲ.

ನಾನು ಬರೆಯೋದು ಕಲಿತದ್ದೇ ಹೀಗೆ. ಇಷ್ಟದ ಪದ್ಯವೊಂದನ್ನು ಕೈಯಲ್ಲಿ ಬರೆದುಕೊಂಡೆ. ಹನ್ನೆರಡು ಸಾಲು. ಪ್ರತಿ ಸಾಲಿನಲ್ಲೂ ಐದೈದು ಮಾತ್ರೆಯ ನಾಲ್ಕು ಗಣ. ಪಕ್ಕದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋದೆ. ಮೊದಲ ಎಂಟು ಸಾಲಿನಲ್ಲಿ ಬರೀ ವಸ್ತುಗಳು, "ನಾನು" ಇಲ್ಲವೇ ಇಲ್ಲ. ಒಂಬತ್ತನೆಯ ಸಾಲು ಪ್ರಶ್ನೆ. ಕೊನೆಯಲ್ಲಿ ಮೊದಲ ಸಾಲೇ ಮರಳಿ ಬರುತ್ತೆ, ಒಂದೇ ಪದ ಬದಲಾಗಿ. ಆಮೇಲೆ ಮೂಲವನ್ನು ಮುಚ್ಚಿಟ್ಟು, ಗುರುತುಗಳನ್ನಷ್ಟೇ ಎದುರಿಗಿಟ್ಟುಕೊಂಡೆ. ತುಂಬಬೇಕಾದದ್ದು ತೀರಿಕೊಂಡ ಅಪ್ಪನನ್ನು.

ಮೊದಲು ಬಂದ ಸಾಲು ಇದು:

ಅಪ್ಪನಾ ಕನ್ನಡಕ ಮೇಜಿನಲಿ ಕೂತಿಹುದು

ಲೆಕ್ಕ ಸರಿ. ಆದರೆ "ಅಪ್ಪನ" ಅಂದರೆ ನಾಲ್ಕೇ ಮಾತ್ರೆ, ಐದಾಗಲಿ ಅಂತ ಎಳೆದಿದ್ದೆ. "ಕೂತಿಹುದು" ಅಂತ ನಮ್ಮನೆಯಲ್ಲಿ ಯಾರೂ ಅಂದವರಲ್ಲ. ಅಚ್ಚಿಗೆ ತುಂಬುವಾಗ ಆಗುವ ತಪ್ಪೇ ಇದು. ಜೋರಾಗಿ ಓದಿದರೆ ತಕ್ಷಣ ಗೊತ್ತಾಗುತ್ತೆ, ನಾಲಿಗೆ ಅಲ್ಲೇ ಎಡವುತ್ತೆ. ಎಷ್ಟೋ ಸಲ ಹೊಡೆದುಹಾಕಿದ ಮೇಲೆ ಇದು ಬಂತು:

ಕನ್ನಡಕ ಮುರಿದಿತ್ತು, ದಾರದಲಿ ಕಟ್ಟಿದ್ದ

"ಅಪ್ಪ" ಅನ್ನೋ ಪದವೇ ಹೋಯ್ತು. ಅಪ್ಪ ಕ್ರಿಯಾಪದದ ತುದಿಯಲ್ಲಿ ಬಂದು ಕೂತ. (ನಾವು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದದ್ದು.)

ಐದನೆಯ ಸಾಲಿಗೆ ಬಂದಾಗ ನನಗೆ "ನಾನು ಅತ್ತೆ" ಅಂತ ಬರೆಯಲೇಬೇಕಿತ್ತು. ಅಚ್ಚು ಬಿಡಲಿಲ್ಲ. ಇನ್ನೂ ನಾಲ್ಕು ಸಾಲು ವಸ್ತುಗಳೇ ಬೇಕು. ಹುಡುಕುತ್ತಾ ಕೂತಾಗ ನೆನಪಾಯಿತು, ಆ ದಾರ ನೀಲಿ, ಅಮ್ಮ ನನ್ನ ಶಾಲೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಉಂಡೆಯದ್ದೇ. ಸುಮ್ನೆ ಮನಸ್ಸಿಗೆ ಬಂದ ಹಾಗೆ ಬರೆದಿದ್ದರೆ ಆ ದಾರ ನನಗೆ ಸಿಗುತ್ತಲೇ ಇರಲಿಲ್ಲ.

ಸ್ವಂತ ದನಿ ಕಳೆದುಹೋಗುತ್ತೆ ಅಂತಾರೆ. ಮೂಲದ ಚಿತ್ರಗಳನ್ನೂ ಎತ್ತಿಕೊಂಡರೆ ಹೋಗುತ್ತೆ, ನಿಜ. ಅವರ ಪದ್ಯದಲ್ಲಿ ದೀಪ ಇದೆ ಅಂತ ನಾನೂ ದೀಪ ಹಚ್ಚಿದ್ದರೆ ಅದು ಕಾಪಿಯೇ. ಯಾವ ಪದ್ಯದ ಅಚ್ಚು ಅಂತ ಹೇಳದೆ ಪ್ರಕಟಿಸಿದರೂ ತಪ್ಪೇ. ಆ ಹುಡುಗ ಎರಡನ್ನೂ ಮಾಡಿರಲಿಲ್ಲ. ಅವನಿಗೆ "ಕಾಪಿ" ಅಂದವರು ಅಜ್ಜಿಯನ್ನು ನೋಡಲೇ ಇಲ್ಲ.

ನನ್ನ ಕೊನೆಯ ಸಾಲಿಗೆ ತಿಂಗಳು ಹಿಡಿಯಿತು. ಒಂದೇ ಪದ ಬದಲಾಗಬೇಕಲ್ವಾ? ಒಂದು ದಿನ ನನ್ನ ಕನ್ನಡಕವೇ ಕೆಳಗೆ ಬಿತ್ತು.

ಕನ್ನಡಕ ಮುರಿದಿತ್ತು, ದಾರದಲಿ ಕಟ್ಟಿದ್ದೆ