ಹೊಟ್ಟೆಯೊಳಗೆ ಜೆಸಿಬಿ

ಎರಡು ದಿನದಿಂದ ಮೂಗು ಸೋರುತ್ತಿತ್ತು. ಮೆಡಿಕಲ್ ಶಾಪ್ ಹುಡುಗನ ಮುಂದೆ ಒಂದು ಸಲ ಸೀನಿದೆ. ತಪಾಸಣೆ ಅಲ್ಲಿಗೆ ಮುಗಿಯಿತು. ಸೆಫಿಕ್ಸಿಮ್ ಸ್ಟ್ರಿಪ್ ಕೌಂಟರ್ ಮೇಲೆ ಬಿತ್ತು. ಅದರ ಮೇಲೆ ಉದ್ದಕ್ಕೂ ಕೆಂಪು ಗೆರೆ. ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ ಅಂತ ಅದರ ಅರ್ಥ. ನಮ್ಮ ಕಡೆ ಅದು ಬರೀ ಬಾರ್ಡರ್.

"ನೆಗಡಿ ವೈರಸ್ಸಿಂದ ಬರೋದಲ್ವಾ? ಇದು ಬ್ಯಾಕ್ಟೀರಿಯಾ ಸಾಯಿಸೋ ಮಾತ್ರೆ ಕಣಪ್ಪಾ" ಅಂದೆ.

"ಟೆನ್ಷನ್ ಬೇಡ ಸಾರ್, ಒಳ್ಳೆ ಬ್ಯಾಕ್ಟೀರಿಯಾನೂ ಇದ್ರಲ್ಲೇ ಹಾಕಿದ್ದಾರೆ!"

ತಿರುಗಿಸಿ ನೋಡಿದೆ. ನಿಜ, ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್ ಎಂದು ಅಚ್ಚಾಗಿತ್ತು. ಮನೆ ಕೆಡವುವ ಜೆಸಿಬಿಯಲ್ಲೇ ಪರಿಹಾರದ ಚೆಕ್ ಕೂಡ ಬಂದ ಹಾಗೆ.

ಕೆಡವುವುದು ಎಂಥ ಬಡಾವಣೆಯನ್ನು ಗೊತ್ತಾ? ನಮ್ಮ ಕರುಳಿನಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿವೆ. ಹೊರಗಿನವನು ಬಂದರೆ ಅವನಿಗೆ ಸೈಟೂ ಇಲ್ಲ, ಊಟವೂ ಇಲ್ಲ. ಇದಕ್ಕಿಂತ ಚೆಂದದ ಕೆಲಸ ಇನ್ನೊಂದಿದೆ. ಲಿವರ್ ಕಳಿಸುವ ಪಿತ್ತದ ಆಮ್ಲಗಳನ್ನು ಇವುಗಳಲ್ಲಿ ಕೆಲವು ಬೇರೆ ರೂಪಕ್ಕೆ ಬದಲಾಯಿಸುತ್ತವೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಪುಂಡನೊಬ್ಬನಿದ್ದಾನೆ. ಅವನ ಬೀಜಾಣುಗಳು ಮೂಲ ಪಿತ್ತಾಮ್ಲದ ವಾಸನೆಗೆ ಎದ್ದು ಕೂರುತ್ತವೆ. ಬದಲಾದ ಆಮ್ಲ ಇದ್ದರೆ ಎದ್ದರೂ ಬೆಳೆಯಲಾರವು.

ಜೆಸಿಬಿ ನುಗ್ಗಿದಾಗ ಆಮ್ಲ ಬದಲಾಯಿಸುವವರೂ ಬೀದಿಪಾಲಾಗುತ್ತಾರೆ. ಗಟ್ಟಿ ಚಿಪ್ಪಿನೊಳಗೆ ಮಲಗಿದ್ದ ಬೀಜಾಣುವಿಗೆ ಮಾತ್ರ ಏನೂ ಆಗುವುದಿಲ್ಲ. ಅದು ಎದ್ದು ನೋಡಿದರೆ ಇಡೀ ಲೇಔಟ್ ಖಾಲಿ. ತಾನೇ ಅಕ್ರಮ ಸಕ್ರಮ ಮಾಡಿಕೊಂಡು ವಿಷ ಕಕ್ಕುತ್ತದೆ. ದಿನಕ್ಕೆ ಮೂರು ಸಲವೋ ಜಾಸ್ತಿಯೋ ನೀರುಭೇದಿ, ಹೊಟ್ಟೆನೋವು, ಜ್ವರ. ಮಾತ್ರೆ ಮುಗಿದು ವಾರಗಳಾದ ಮೇಲೂ ಶುರುವಾಗಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ವಯಸ್ಸಾದವರಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ಅಪಾಯ ಜಾಸ್ತಿ. ಆಗಲೂ ನಾವು ಓಡುವುದು ಅದೇ ಅಂಗಡಿಗೆ, ಭೇದಿ ನಿಲ್ಲಿಸುವ ಮಾತ್ರೆಗೆ. ವಿಷ ಹೊರಗೆ ಹೋಗದಂತೆ ಬಾಗಿಲು ಹಾಕಿಬಿಟ್ಟರೆ ಮುಗಿಯಿತಲ್ಲ! (ಟೈಫಾಯ್ಡ್ ಬಂದವರು ಆ್ಯಂಟಿಬಯಾಟಿಕ್ ಬಿಡಬೇಡಿ ಮತ್ತೆ. ನನ್ನ ಜಗಳ ನೆಗಡಿಯ ಜೆಸಿಬಿ ಜೊತೆ.)

ಮಾತ್ರೆಯೊಳಗಿನ ಆ ಒಳ್ಳೆಯವನ ಕಥೆ ಏನು? ನೂರಾರು ಮನೆ ಬಿದ್ದ ಊರಿಗೆ ಬಂದ ಒಬ್ಬನೇ ಬಾಡಿಗೆದಾರ ಅವನು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಕೆಲವರನ್ನು ಸುಮ್ನೆ ಬಿಟ್ಟರು. ಕೆಲವರಿಗೆ ಹನ್ನೊಂದು ಬಗೆಯ ಒಳ್ಳೆ ಬ್ಯಾಕ್ಟೀರಿಯಾ ನುಂಗಿಸಿದರು. ನುಂಗಿದವರಲ್ಲಿ ಹಳೇ ನಿವಾಸಿಗಳು ಮರಳಿದ್ದು ಸುಮ್ನೆ ಬಿಟ್ಟವರಿಗಿಂತ ನಿಧಾನವಾಗಿ. ಹೊಸ ಬಾಡಿಗೆದಾರರು ಬಾಗಿಲಿಗೆ ಅಡ್ಡ ಕೂತಿದ್ದರು. ಇನ್ನು ಕೆಲವರಿಗೆ, ಮೊದಲೇ ತೆಗೆದಿಟ್ಟಿದ್ದ ಅವರದೇ ಮಲವನ್ನು ಕರುಳಿಗೆ ವಾಪಸ್ ಸೇರಿಸಿದರು. ಅವರ ಊರು ಕೆಲವೇ ದಿನಗಳಲ್ಲಿ ಮತ್ತೆ ತುಂಬಿತು.

ಇಷ್ಟೂ ಕಥೆಯನ್ನು ಹುಡುಗನಿಗೆ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡ. ಹಿಂದಿನ ಶೆಲ್ಫ್ ಕಡೆ ಕಣ್ಣಾಡಿಸಿದ.

"ಅದು ಸ್ಟಾಕ್ ಇಲ್ಲ ಸಾರ್. ನಾಳೆ ತರಿಸಿಕೊಡ್ತೀನಿ."