ಮುರಿದುಕೊಂಡ ತೆರಿಗೆಗೆ ರಸೀದಿ ಯಾರ ಕೈಯಲ್ಲಿರಬೇಕು?

ಬ್ರಿಟನ್ನಿನಲ್ಲಿ ಸ್ವಂತವಾಗಿ ಕೆಲಸ ಮಾಡುವ ಸಲಹೆಗಾರರಿಗೆ ಬಿಲ್ಲಿನ ಹಣ ಸಾಮಾನ್ಯವಾಗಿ ಪೂರ್ತಿ ಬರುತ್ತದೆ. ತೆರಿಗೆಯನ್ನು ಅವರೇ ಲೆಕ್ಕ ಹಾಕಿ ಜನವರಿ 31 ಮತ್ತು ಜುಲೈ 31ರ ಗಡುವಿನೊಳಗೆ ಕಟ್ಟಬೇಕು. ಬಂದದ್ದನ್ನೆಲ್ಲ ಖರ್ಚು ಮಾಡಿಕೊಂಡವರಿಗೆ ಜನವರಿ ಬಲು ಕಷ್ಟದ ತಿಂಗಳು. ಆ ಮಟ್ಟಿಗೆ, ಹಣ ಕೊಡುವವರೇ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ನಮ್ಮೂರಿನ ಟಿಡಿಎಸ್ ಒಳ್ಳೆಯದೇ: ತೆರಿಗೆ ಬಿಲ್ಲಿನ ಜೊತೆಗೇ ಕಳೆದುಹೋಗುತ್ತದೆ, ವರ್ಷದ ಕೊನೆಯಲ್ಲಿ ದೊಡ್ಡ ಹೊರೆ ಬೀಳುವುದಿಲ್ಲ. ನನ್ನ ತಕರಾರು ಮುರಿದುಕೊಳ್ಳುವುದರ ಬಗ್ಗೆ ಅಲ್ಲ. ಮುರಿದದ್ದಕ್ಕೆ ಪುರಾವೆ ಯಾರ ಕೈಯಲ್ಲಿದೆ ಎಂಬುದರ ಬಗ್ಗೆ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ 2025ರ ಏಪ್ರಿಲ್‌ನಿಂದ ಒಂದು ಕಂಪನಿಗೆ ತಿಂಗಳಿಗೆ 2,00,000 ರೂಪಾಯಿಯ ಸಲಹಾ ಕೆಲಸ ಮಾಡುತ್ತಿದ್ದಾರೆ ಎನ್ನಿ. 18 ಶೇಕಡ ಜಿಎಸ್‌ಟಿ ಸೇರಿ ಬಿಲ್ 2,36,000. ಕಲಂ 194ಜೆ ಪ್ರಕಾರ ವೃತ್ತಿ ಶುಲ್ಕದ ಮೇಲೆ 10 ಶೇಕಡ ಮುರಿಯಬೇಕು. ವರ್ಷಕ್ಕೆ 50,000 ರೂಪಾಯಿ ದಾಟದಿದ್ದರೆ ಮುರಿಯಬೇಕಿಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಇಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿದೆ. ಹಾಗಾಗಿ ಮುರಿಯಬೇಕಾದದ್ದು 20,000, ಕೈಗೆ ಬರಬೇಕಾದದ್ದು 2,16,000. 23,600 ಮುರಿದಿದ್ದರೆ ಲೆಕ್ಕದವರು ಜಿಎಸ್‌ಟಿಯ ಮೇಲೂ ಹಾಕಿದ್ದಾರೆ ಎಂದೇ ಅರ್ಥ. ಮೊದಲ ಬಿಲ್ಲಿಗೇ ಕೇಳಿ ಸರಿಪಡಿಸಿಕೊಳ್ಳಬೇಕು.

ವರ್ಷಕ್ಕೆ ಮುರಿದದ್ದು 2,40,000 ಆಯಿತು. ಈಗ ಅವರ ನಿಜವಾದ ತೆರಿಗೆ ನೋಡಿ. ಕಲಂ 44ಎಡಿಎಯಲ್ಲಿ ಶುಲ್ಕದ ಅರ್ಧವನ್ನು ಲಾಭವೆಂದು ತೋರಿಸಿದರೆ 12 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ, 2025-26ರ ಹೊಸ ಪದ್ಧತಿಯ ರಿಯಾಯಿತಿಯಿಂದಾಗಿ 12 ಲಕ್ಷದವರೆಗೆ ತೆರಿಗೆ ಸೊನ್ನೆ. ಅಂದರೆ ಮುರಿದ ಹಣವಷ್ಟೂ ರಿಫಂಡ್ ಆಗಿ ವಾಪಸ್ ಬರಬೇಕು. ಇಂಥವರಿಗೆ ಟಿಡಿಎಸ್ ಕ್ರೆಡಿಟ್ ಎಂದರೆ ಒಂದು ತಿಂಗಳ ಶುಲ್ಕಕ್ಕಿಂತ ಹೆಚ್ಚಿನ ಹಣ.

ಆ ಕ್ರೆಡಿಟ್ ಸಿಗುವುದು, ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯನ್ನು ತೋರಿಸುವ ಫಾರ್ಮ್ 26ಎಎಸ್‌ನಲ್ಲಿ ಕಂಡರೆ. ಅಲ್ಲಿ ಕಾಣಬೇಕಾದರೆ ಕಂಪನಿ ಎರಡು ಕೆಲಸ ಮಾಡಿರಬೇಕು: ಮುರಿದ ಹಣವನ್ನು ಮುಂದಿನ ತಿಂಗಳ 7ರೊಳಗೆ (ಮಾರ್ಚ್‌ನದನ್ನು ಏಪ್ರಿಲ್ 30ರೊಳಗೆ) ಕಟ್ಟಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಯಾರ ಪ್ಯಾನ್‌ಗೆ ಎಷ್ಟು ಎಂದು 26ಕ್ಯೂ ವಿವರಪಟ್ಟಿ ಸಲ್ಲಿಸಬೇಕು. ಜನವರಿ–ಮಾರ್ಚ್ ಅವಧಿಯ ಪಟ್ಟಿಗೆ ಮೇ 31 ಗಡುವು, ಮುರಿದದ್ದಕ್ಕೆ ಕಂಪನಿ ಕೊಡುವ ಪ್ರಮಾಣಪತ್ರವಾದ ಫಾರ್ಮ್ 16ಎಗೆ ಅದಾದ ಮೇಲೆ 15 ದಿನ. ಆದ್ದರಿಂದ ಜೂನ್ ಮಧ್ಯಕ್ಕೆ ಮೊದಲು ರಿಟರ್ನ್ ಹಾಕಲು ಆತುರಪಡಬೇಡಿ. ಕೊನೆಯ ಮೂರು ತಿಂಗಳ ಟಿಡಿಎಸ್ ಇನ್ನೂ ಬಂದಿರುವುದಿಲ್ಲ.

ನೋಡುವ ದಾರಿ ಹೀಗಿದೆ: ಆದಾಯ ತೆರಿಗೆ ಪೋರ್ಟಲ್‌ನಲ್ಲಿ e-File → Income Tax Returns → View Form 26AS. ಅಲ್ಲಿಂದ ಅದು TRACES ತಾಣಕ್ಕೆ ಕರೆದೊಯ್ಯುತ್ತದೆ. ಅಸೆಸ್‌ಮೆಂಟ್ ವರ್ಷ 2026-27 ಆರಿಸಿ, ಕಂಪನಿಯ ಹೆಸರನ್ನು ಬಿಡಿಸಿ ನೋಡಿದರೆ ಒಂದೊಂದು ಸಾಲಿಗೂ ಕಲಂ, ದಿನಾಂಕ, ಮೊತ್ತ ಮತ್ತು ಸ್ಥಿತಿ ಇರುತ್ತದೆ. ಸ್ಥಿತಿ F ಎಂದಿದ್ದರೆ ಎಲ್ಲ ತಾಳೆಯಾಗಿದೆ. U ಎಂದಿದ್ದರೆ ಪಟ್ಟಿಯಲ್ಲಿ ಬರೆದಿದ್ದಾರೆ, ಆದರೆ ಕಟ್ಟಿದ ಹಣ ಅದಕ್ಕೆ ತಾಳೆಯಾಗುತ್ತಿಲ್ಲ: ಕಟ್ಟಿಲ್ಲ, ಇಲ್ಲವೇ ಚಲನ್ ವಿವರ ತಪ್ಪಾಗಿದೆ. ಸಾಲೇ ಇಲ್ಲದಿದ್ದರೆ ಪಟ್ಟಿ ಸಲ್ಲಿಸಿಲ್ಲ ಅಥವಾ ನಿಮ್ಮ ಪ್ಯಾನ್ ತಪ್ಪಾಗಿ ಹಾಕಿದ್ದಾರೆ. ಇದ್ಯಾವುದನ್ನೂ ನೀವು ತಿದ್ದಲಾರಿರಿ. ತಿದ್ದುಪಡಿ ಪಟ್ಟಿಯನ್ನು ಕಂಪನಿಯೇ ಸಲ್ಲಿಸಬೇಕು. ಬಿಲ್ ಸಂಖ್ಯೆ, ದಿನಾಂಕ, ಮುರಿದ ಮೊತ್ತ, ಬ್ಯಾಂಕಿಗೆ ಬಂದ ಮೊತ್ತ ಇಷ್ಟನ್ನೂ ಬರೆದು ಇಮೇಲ್ ಕಳಿಸುವುದೇ ನಿಮಗಿರುವ ದಾರಿ.

ಎಲ್ಲ ಸರಿಯಾಗಿದ್ದಾಗಲೂ ಮಾರ್ಚ್ ತಿಂಗಳ ಬಿಲ್ ಕಾಡುತ್ತದೆ. ಹಣ ಕೊಡುವಾಗ ಅಥವಾ ಪುಸ್ತಕದಲ್ಲಿ ಬರೆಯುವಾಗ, ಯಾವುದು ಮೊದಲೋ ಆಗ ಕಂಪನಿ ಮುರಿಯಬೇಕು. ನಮ್ಮ ಎಂಜಿನಿಯರ್ 2026ರ ಮಾರ್ಚ್ 31ಕ್ಕೆ ಕೊಟ್ಟ ಬಿಲ್ಲಿಗೆ ಕಂಪನಿ ಅಂದೇ ಟಿಡಿಎಸ್ ಬರೆಯಿತು, ಹಣ ಬಂದದ್ದು ಮೇ ತಿಂಗಳಲ್ಲಿ. ಅವರು ಕೈಗೆ ಬಂದ ಹಣದ ಮೇಲೆ ಲೆಕ್ಕ ಇಡುವವರಾದರೆ ಆ ವರ್ಷದ ಶುಲ್ಕ 22 ಲಕ್ಷ ಮಾತ್ರ, 26ಎಎಸ್ ತೋರಿಸುವುದು 24 ಲಕ್ಷ. ನಿಯಮ 37ಬಿಎ ಪ್ರಕಾರ ಆದಾಯ ತೋರಿಸಿದ ವರ್ಷದಲ್ಲೇ ಅದರ ಕ್ರೆಡಿಟ್ ಸಿಗುತ್ತದೆ. ಆದ್ದರಿಂದ ರಿಟರ್ನ್‌ನ ಟಿಡಿಎಸ್ ಪಟ್ಟಿಯಲ್ಲಿ ತಾನಾಗಿ ತುಂಬಿಕೊಂಡ 2,40,000ವನ್ನು ಹಾಗೇ ಬಿಡದೆ 2,20,000 ಈ ವರ್ಷಕ್ಕೆ ಕೇಳಿ, ಉಳಿದ 20,000ವನ್ನು ಮುಂದಿನ ವರ್ಷಕ್ಕೆ ಒಯ್ಯುವ ಅಂಕಣದಲ್ಲಿ ಹಾಕಬೇಕು. ಆ 2 ಲಕ್ಷದ ಆದಾಯ ತೋರಿಸುವ ಮುಂದಿನ ರಿಟರ್ನ್‌ನಲ್ಲಿ ಅದನ್ನು ಪಡೆಯಬೇಕು. ಆದಾಯ ಬಿಟ್ಟು ಟಿಡಿಎಸ್ ಮಾತ್ರ ಪೂರ್ತಿ ಕೇಳಿದರೆ ಸಂಸ್ಕರಣೆಯಲ್ಲಿ ಕ್ರೆಡಿಟ್ ಕತ್ತರಿಸಿಹೋಗುವ ಅಪಾಯವಿದೆ.

ಈಗ ಕಂಪನಿ ಮುರಿದ ಹಣವನ್ನು ಕಟ್ಟಲೇ ಇಲ್ಲ ಎನ್ನಿ. ಕಲಂ 205 ಇದೆಯಲ್ಲ ಎನ್ನುತ್ತಾರೆ: ಒಮ್ಮೆ ಮುರಿದ ತೆರಿಗೆಯನ್ನು ಇಲಾಖೆ ಮತ್ತೆ ನಿಮ್ಮಿಂದ ಕೇಳುವಂತಿಲ್ಲ. ಬಲವಾಗಿ ವಸೂಲಿ ಮಾಡಬಾರದೆಂದು ಮಂಡಳಿ 2015 ಮತ್ತು 2016ರಲ್ಲಿ ಅಧಿಕಾರಿಗಳಿಗೆ ತಿಳಿಸಿದೆ ಕೂಡ. ಆದರೆ ಈ ರಕ್ಷಣೆ ತೆರಿಗೆ ಬಾಕಿ ಇರುವವರಿಗೆ. ನಮ್ಮ ಎಂಜಿನಿಯರ್‌ಗೆ ಬಾಕಿಯೇ ಇಲ್ಲ, ಅವರಿಗೆ ಬೇಕಾದದ್ದು ರಿಫಂಡ್. ಮೂರು ತಿಂಗಳ 60,000 ಕಂಪನಿಯಲ್ಲೇ ಉಳಿದರೆ ಆ ಕಲಂ ಅದನ್ನು ತಂದುಕೊಡುವುದಿಲ್ಲ. ಕಡಿಮೆ ತೆರಿಗೆಯವರೇ ಹೆಚ್ಚು ನಷ್ಟಕ್ಕೆ ಸಿಗುವ ಈ ವ್ಯವಸ್ಥೆ ನ್ಯಾಯವಲ್ಲ.

ಬ್ರಿಟನ್ನಿನಲ್ಲೂ ಒಂದು ಕಡೆ ಮೂಲದಲ್ಲೇ ಮುರಿಯುತ್ತಾರೆ, ಕಟ್ಟಡ ನಿರ್ಮಾಣದ ಕೆಲಸದಲ್ಲಿ. ನೋಂದಾಯಿತ ಉಪಗುತ್ತಿಗೆದಾರನಿಗೆ 20 ಶೇಕಡ, ನೋಂದಾಯಿಸದವನಿಗೆ 30. ನಮ್ಮದಕ್ಕಿಂತ ದರ ಹೆಚ್ಚೇ. ಆದರೆ ತೆರಿಗೆ ತಿಂಗಳು 5ನೇ ತಾರೀಕಿಗೆ ಮುಗಿದ 14 ದಿನದೊಳಗೆ, ಎಷ್ಟು ಕೊಟ್ಟೆ, ಎಷ್ಟು ಮುರಿದೆ ಎಂಬ ಚೀಟಿ ಕೆಲಸಗಾರನ ಕೈಗೆ ಬರಬೇಕು. ಪ್ರತಿ ತಿಂಗಳೂ. ರಿಟರ್ನ್ ಹಾಕುವಾಗ ಆ ಚೀಟಿಗಳೇ ಅವನ ಪುರಾವೆ, ಒಂದು ತಿಂಗಳದ್ದು ಬರದಿದ್ದರೆ ಆಗಲೇ ಗೊತ್ತಾಗುತ್ತದೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮುರಿದದ್ದಕ್ಕೆ ಫಾರ್ಮ್ 16ಎ ಸಿಗಲು ಆಗಸ್ಟ್ ಮಧ್ಯದವರೆಗೂ ಕಾಯಬಹುದು. ತಿಂಗಳ ಚೀಟಿಯನ್ನು ಕಡ್ಡಾಯ ಮಾಡಿ, ಬ್ಯಾಂಕ್ ವಿವರದೊಂದಿಗೆ ಅದು ತಾಳೆಯಾದರೆ ರಿಫಂಡಿಗೂ ಸಾಕು ಎನ್ನುವ ನಿಯಮ ಬರಬೇಕು. ಕಟ್ಟದ ಕಂಪನಿಯ ಬೆನ್ನು ಹತ್ತುವ ಅಧಿಕಾರ ಇಲಾಖೆಗಿದೆ, ಎಂಜಿನಿಯರ್‌ಗೆ ಇಲ್ಲ.

ಅಲ್ಲಿಯವರೆಗೆ ಇರುವ ಒಳ್ಳೆಯ ಉಪಾಯ, ಮುರಿಯುವುದನ್ನೇ ಕಡಿಮೆ ಮಾಡಿಸುವುದು. ತೆರಿಗೆ ಮುರಿಯಬೇಡಿ ಎಂದು ಬರೆದುಕೊಡುವ ಫಾರ್ಮ್ 15ಜಿ ವೃತ್ತಿ ಶುಲ್ಕಕ್ಕೆ ನಡೆಯದು. ಕಲಂ 197ರಡಿ ಫಾರ್ಮ್ 13 ಅರ್ಜಿಯನ್ನು TRACES ಮೂಲಕ ಹಾಕಿ ಕಡಿಮೆ ದರದ ಪ್ರಮಾಣಪತ್ರ ಪಡೆಯಬೇಕು. (2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ, ಫಾರ್ಮ್‌ಗಳ ಸಂಖ್ಯೆ ಬೇರೆ, ಇಲ್ಲಿರುವುದು ಹಳೆಯ ಕಾಯ್ದೆಯವು.) ಹಿಂದಿನ ರಿಟರ್ನ್‌ಗಳು ಮತ್ತು ಈ ವರ್ಷದ ಅಂದಾಜು ಆದಾಯ ನೋಡಿ ಅಧಿಕಾರಿ ದರ ನಿಗದಿ ಮಾಡುತ್ತಾರೆ. ಆಗಲೇ ಮುರಿದದ್ದಕ್ಕೆ ಅದು ಅನ್ವಯಿಸುವುದಿಲ್ಲವಾದ್ದರಿಂದ ಅರ್ಜಿ ಏಪ್ರಿಲ್‌ನಲ್ಲೇ ಹೋಗಬೇಕು.